ಡೈರಿ ಕಳೆದ ಮೇಲೂ ಉಳಿದ ನಂಬರುಗಳು

ಗದಗಿನ ಬೆಟಗೇರಿಯಲ್ಲಿ ನಮಗೆ ಪರಿಚಯದ ಒಬ್ಬ ಅಜ್ಜಿ ಇದ್ದಾರೆ. ಅವರ ಯಜಮಾನರದು ಹತ್ತಿ ದಲಾಲಿ ಅಂಗಡಿ. ಮನೆಯ ಫೋನು ಅಜ್ಜಿಯ ಕೈಯಲ್ಲೇ ಇರುತ್ತಿತ್ತು. ನಂಬರು ಬರೆದಿಟ್ಟ ಡೈರಿ 1990ರ ಸುಮಾರಿಗೆ ಮನೆ ಬದಲಿಸುವಾಗ ಕಳೆದುಹೋಯಿತು. ಇವತ್ತಿಗೂ ಹೆಸರು ಹೇಳಿದರೆ ಸಾಕು, ಅಜ್ಜಿ ನಂಬರು ಹೇಳುತ್ತಾರೆ. ಡೈರಿಯೊಳಗಿನ ಎಲ್ಲಾ ನಂಬರೂ ನೆನಪಿದೆ ಅಂತ ಮನೆಯವರ ಮಾತು.

ಇದು ಹುಟ್ಟಿನಿಂದ ಬಂದ ವಿಶೇಷ ಶಕ್ತಿ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಆ ಕಾಲದ ಫೋನು ಹೇಗಿತ್ತು ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಆಗ ಗದಗಿನ ನಂಬರಿಗೆ ಐದೇ ಅಂಕಿ. ಒಂದೇ ಎಕ್ಸ್‌ಚೇಂಜಿನ ನಂಬರುಗಳ ಮೊದಲ ಒಂದೆರಡು ಅಂಕಿ ಹೆಚ್ಚಾಗಿ ಒಂದೇ ಇರುತ್ತಿದ್ದವು. ಹಾಗಾಗಿ ಹೊಸದಾಗಿ ನೆನಪಿಡಬೇಕಾದದ್ದು ಮೂರ್ನಾಲ್ಕು ಅಂಕಿ ಅಷ್ಟೇ. ಕೇಳಿದ ಅಂಕಿಗಳನ್ನು ನಾವು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹಿಡಿದಿಟ್ಟುಕೊಳ್ಳುತ್ತೇವೆ. ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸುವಷ್ಟು ಮಾತು ಹೀಗೆ ಆರಾಮಾಗಿ ನಿಲ್ಲುತ್ತದೆ ಅಂತ ಬ್ರಿಟನ್ನಿನ ಮನೋವಿಜ್ಞಾನಿ ಅಲನ್ ಬ್ಯಾಡ್ಲಿ ಮತ್ತು ಅವರ ಜೊತೆಗಾರರು 1970ರ ದಶಕದಲ್ಲಿ ತೋರಿಸಿದರು. ಐದು ಅಂಕಿ ಅದರೊಳಗೆ ಹಿಡಿಸುತ್ತವೆ.

ಆದರೆ ಎರಡು ಸೆಕೆಂಡಿನ ನೆನಪು ಮೂವತ್ತು ವರ್ಷ ಬಾಳುವುದು ಹೇಗೆ? ಇಲ್ಲಿ ಕೆಲಸ ಮಾಡಿದ್ದು ತಿರುಗಿಸುವ ಡಯಲು. ಪ್ರತಿ ಅಂಕಿಗೂ ಬೆರಳು ತೂರಿಸಿ, ತಿರುಗಿಸಿ, ಡಯಲು ವಾಪಸ್ ಬರುವವರೆಗೆ ಕಾಯಬೇಕು. ಡಯಲು ವಾಪಸ್ ಬರುವಾಗ ಲೈನಿನಲ್ಲಿ ಒಂದು ಅನ್ನುವ ಅಂಕಿಗೆ ಒಂದು ವಿದ್ಯುತ್ ಮಿಡಿತ ಹೋಗುತ್ತಿತ್ತು, ಸೊನ್ನೆಗೆ ಹತ್ತು. ಸೆಕೆಂಡಿಗೆ ಸುಮಾರು ಹತ್ತು ಮಿಡಿತದಂತೆ ಸೊನ್ನೆಯೊಂದೇ ಒಂದು ಸೆಕೆಂಡು ತಿನ್ನುತ್ತಿತ್ತು. ಆ ಕಾಯುವ ಹೊತ್ತಿನಲ್ಲಿ ಉಳಿದ ಅಂಕಿಗಳನ್ನು ಒಳಗೇ ಹೇಳಿಕೊಳ್ಳುತ್ತಿರಬೇಕು. ಲೈನು ಎಂಗೇಜ್ ಇದ್ದರೆ ಮತ್ತೆ ಮೊದಲಿಂದ. ದಿನವೂ ಪೇಟೆಯ ದರ ಕೇಳುವ ಮನೆಯಲ್ಲಿ ಇದು ಎಷ್ಟು ಸಲ ಆಗಿರಬಹುದು, ಊಹಿಸಿ.

ನೋಡಿ ಓದುವುದಕ್ಕೂ ನೆನಪಿನಿಂದ ಹೊರತೆಗೆಯುವುದಕ್ಕೂ ಬಹಳ ವ್ಯತ್ಯಾಸವಿದೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳಿಗೆ ಸಣ್ಣ ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಉಳಿದವರು ಓದಿದ್ದನ್ನು ಪುಸ್ತಕ ನೋಡದೆ ಬರೆದರು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು. ಓದಿದವರಿಗೆ ನೆನಪಿದ್ದದ್ದು ನೂರಕ್ಕೆ 42 ಭಾಗ, ನೆನಪಿನಿಂದ ಬರೆದವರಿಗೆ 56. ಡೈರಿ ಕಳೆದಾಗ ಅಜ್ಜಿಗೆ ನೋಡಿ ತಿರುಗಿಸುವ ದಾರಿಯೇ ಮುಚ್ಚಿತು, ಪ್ರತಿ ಸಲವೂ ತಲೆಯಿಂದಲೇ ತೆಗೆಯಬೇಕಾಯಿತು. ಡೈರಿ ಕಳೆದದ್ದರಿಂದಲೇ ನಂಬರು ಉಳಿದವು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಅವರ ನೆನಪು ಹಳೆಯದೇ ಅನ್ನುವುದಕ್ಕೆ ಒಂದು ಚಂದದ ಗುರುತಿದೆ. 2000ದ ದಶಕದ ಶುರುವಿನಲ್ಲಿ ಸರ್ಕಾರಿ ಲ್ಯಾಂಡ್‌ಲೈನುಗಳ ಮುಂದೆ ಎರಡು ಅನ್ನುವ ಅಂಕಿ ಸೇರಿತು, ಗದಗಿನ ನಂಬರು ಆರು ಅಂಕಿಯದಾಯಿತು. ಅಜ್ಜಿ ಇವತ್ತಿಗೂ ಐದೇ ಹೇಳುತ್ತಾರೆ. ಆಮೇಲೆ, "ಈಗ ಮುಂದ ಎರಡು ಹಚ್ಚಬೇಕ್ ನೋಡಪಾ" ಅನ್ನುತ್ತಾರೆ. ಒಂದೊಂದು ನಂಬರನ್ನೂ ಅವರು ಮತ್ತೆ ಕಲಿಯಲಿಲ್ಲ. ಎಲ್ಲದಕ್ಕೂ ಸೇರಿಸಿ ಒಂದೇ ನಿಯಮ ಇಟ್ಟುಕೊಂಡರು.

ಇನ್ನು ಆ "ಎಲ್ಲಾ" ಅನ್ನುವ ಮಾತು. ಇದನ್ನು ಅಜ್ಜಿಯನ್ನೇ ಕೇಳಿ ಪರೀಕ್ಷಿಸಲು ಆಗುವುದಿಲ್ಲ, ಅಲ್ವಾ? ಹೆಸರೇ ಮರೆತಿದ್ದರೆ ಅದರ ನಂಬರು ಮರೆತದ್ದೂ ಗೊತ್ತಾಗುವುದಿಲ್ಲ. ಹೊರಗಿನ ಸಾಕ್ಷಿ ಬೇಕು. ಟ್ರಂಕಿನಲ್ಲಿದ್ದ ಹಳೆಯ ಲಗ್ನಪತ್ರಿಕೆ, ಅಂಗಡಿ ಬಿಲ್ಲುಗಳನ್ನು ತೆಗೆದು, ನಂಬರು ಮುಚ್ಚಿ, ಹೆಸರಷ್ಟೇ ಓದಿದೆವು. ಪದೇಪದೇ ಫೋನು ಮಾಡುತ್ತಿದ್ದ ಅಡತಿ ಅಂಗಡಿ, ಡಾಕ್ಟರು, ತಂಗಿಯ ಮನೆ ಎಲ್ಲವೂ ಸರಿಯಾಗಿ ಬಂದವು. ಒಂದು ಕಿರಾಣಿ ಅಂಗಡಿಯ ನಂಬರಿನಲ್ಲಿ ನಡುವಿನ ಎರಡು ಅಂಕಿ ಅದಲುಬದಲಾಗಿದ್ದವು. ಸಾಲಾಗಿ ಕಲಿತದ್ದರಲ್ಲಿ ಮೊದಲು ಜಾರುವುದು ಸಾಮಾನ್ಯವಾಗಿ ನಡುವಿನದೇ. ಅಪರೂಪಕ್ಕೆ ಮಾತಾಡುತ್ತಿದ್ದ ಬೀಗರೊಬ್ಬರ ನಂಬರು ಮಾತ್ರ ಬರಲೇ ಇಲ್ಲ. ಅದನ್ನು ಡೈರಿಯಲ್ಲಿ ಬರೆದಿಟ್ಟದ್ದಂತೂ ತಮಗೆ ನೆನಪಿದೆ ಅಂತ ಅಜ್ಜಿಯೇ ಅಂದರು.

ಆ ನಂಬರು ಪೂರ್ತಿ ಅಳಿಸಿದೆಯಾ? ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಇದಕ್ಕೊಂದು ಅಳತೆ ಕೊಟ್ಟಿದ್ದ. ಮರೆತದ್ದನ್ನು ಮತ್ತೆ ಕಲಿಸಿ, ಮೊದಲ ಸಲಕ್ಕಿಂತ ಎಷ್ಟು ಬೇಗ ಬರುತ್ತದೆ ನೋಡು ಅನ್ನುವುದು ಅವನ ವಿಧಾನ. ಬೇಗ ಬಂದರೆ ಒಳಗೆ ಏನೋ ಉಳಿದಿದೆ ಅಂತ ಅರ್ಥ. ಅಜ್ಜಿಗೆ ಬೀಗರ ನಂಬರನ್ನೂ ಸುಮ್ನೆ ಕಟ್ಟಿದ ಇನ್ನೊಂದು ಐದಂಕಿಯನ್ನೂ ಓದಿ ಹೇಳಿದೆವು. ಮರುದಿನ ಕೇಳಿದಾಗ ಬೀಗರದು ಬಂತು, ಕಟ್ಟಿದ್ದು ಬರಲಿಲ್ಲ. ಒಂದೇ ಸಲದ ಪರೀಕ್ಷೆ, ಇದರಿಂದ ಏನನ್ನೂ ಸಾಧಿಸಿದಂತಲ್ಲ. ಬೀಗರ ಹೆಸರೇ ಒಂದು ಕೊಂಡಿಯಾಗಿ ಸಹಾಯ ಮಾಡಿರಬಹುದು. ಸರಿಯಾಗಿ ನೋಡಬೇಕೆಂದರೆ ಕಟ್ಟಿದ ನಂಬರಿಗೂ ಅವರಿಗೆ ಗೊತ್ತಿರುವ ಒಬ್ಬರ ಹೆಸರು ಕೊಡಬೇಕು, ಇಂಥ ಹಲವು ಜೋಡಿ ಮಾಡಿ ಕೇಳಬೇಕು.