ಧ್ವನಿಮುದ್ರಣದಲ್ಲಿ ತೀರ್ಮಾನವಾಗದ್ದು ಟಿಪ್ಪಣಿಯಲ್ಲಿ ತೀರ್ಮಾನವಾಗಬಾರದು

ಮನೆ ಕಟ್ಟಿಸುವವರೊಂದಿಗಿನ ಮೊದಲ ಮಾತುಕತೆಯನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡ ಮೇಲೆ, ಅದರಿಂದ ಟಿಪ್ಪಣಿ ಸಿದ್ಧಪಡಿಸುವ ಕಿರಿಯ ಆರ್ಕಿಟೆಕ್ಟ್‌ಗಳಿಗೂ ಅದಕ್ಕಾಗಿ ಕಾಯುವ ಮನೆಯವರಿಗೂ ಎಲ್ಲವೂ ನಿರ್ಧಾರವಾದಂತೆ ಕಾಣುವ ಪಟ್ಟಿಯೇ ಬೇಕು. ಇನ್ನೂ ವಾದದಲ್ಲಿರುವ ವಿಷಯ ಹೀಗೆಯೇ ಅಗತ್ಯಗಳ ಸಾಲಿಗೆ ಸೇರಿಬಿಡುತ್ತದೆ. ಎಷ್ಟು ಸಲ ತಿದ್ದಿದರೂ ಈ ಅಭ್ಯಾಸ ಹೋಗುತ್ತಿಲ್ಲ.

ಮೈಸೂರಿನ 30×40 ಅಡಿ ನಿವೇಶನವೊಂದರ ಉದಾಹರಣೆ ನೋಡೋಣ. ಯಜಮಾನರು ಆರಂಭದಲ್ಲೇ, "45 ಲಕ್ಷದೊಳಗೆ ಮುಗಿಯಬೇಕು" ಎಂದರು. ಬಹಳ ಹೊತ್ತಿನ ನಂತರ ಅವರ ಪತ್ನಿ, ಅಡುಗೆಮನೆಯ ಕಪಾಟು ಮತ್ತು ವಾರ್ಡ್‌ರೋಬ್‌ಗಳ ಖರ್ಚು ಬೇರೆಯೇ ಎಂದು ಕೇಳಿದಾಗ, "ಅದೂ ಸೇರಿಯೇ" ಎಂದು ಉತ್ತರಿಸಿದರು. ಸಂಪು, ಕಾಂಪೌಂಡ್ ಗೋಡೆ, ನಮ್ಮ ಶುಲ್ಕ, ನಕ್ಷೆ ಮಂಜೂರಾತಿಯ ಖರ್ಚು ಇವುಗಳ ಬಗ್ಗೆ ಯಾರೂ ಮಾತನಾಡಲಿಲ್ಲ. ಆದ್ದರಿಂದ ಟಿಪ್ಪಣಿಯಲ್ಲಿ ಮಿತಿ 45 ಲಕ್ಷ, ಕಪಾಟುಗಳು ಸೇರಿವೆ, ಉಳಿದ ನಾಲ್ಕರ ಬಗ್ಗೆ ಮನೆಯವರನ್ನು ಕೇಳಬೇಕು ಎಂದಿರಬೇಕೇ ಹೊರತು ಬರಿಯ ಮೊತ್ತವಲ್ಲ.

ಅಜ್ಜಿಯ ಕೋಣೆಯ ವಿಷಯ ಇನ್ನೂ ಸೂಕ್ಷ್ಮವಾಗಿತ್ತು. "ನನಗೇನಪ್ಪ, ಎಲ್ಲಾದರೂ ಒಂದು ಮಂಚ ಹಾಕಿದರೆ ಸಾಕು" ಎಂದ ಅವರು, ಮತ್ತೊಂದು ಸಂದರ್ಭದಲ್ಲಿ ಮಂಡಿನೋವಿನ ಬಗ್ಗೆಯೂ ರಾತ್ರಿ ಎರಡು ಸಲ ಏಳಬೇಕಾಗುವುದರ ಬಗ್ಗೆಯೂ ಹೇಳಿದ್ದರು. ಇಂಥ ಹಿರಿಯರು ತಮಗಾಗಿ ಏನನ್ನೂ ಕೇಳುವುದಿಲ್ಲ. ಕೇಳಲಿಲ್ಲವೆಂದು ನಾವು ಬಿಟ್ಟುಬಿಡಬಾರದು. ನೆಲಮಹಡಿಯಲ್ಲಿ ಕೋಣೆ, ಪಕ್ಕದಲ್ಲೇ ಹೊಸ್ತಿಲಿಲ್ಲದ ಬಚ್ಚಲು ಎಂದು ಬರೆದು, ಅದು ಅವರ ಬೇಡಿಕೆಯಲ್ಲ, ಅವರ ಮಾತಿನಿಂದ ನಾವು ಊಹಿಸಿದ್ದು ಎಂದು ಗುರುತಿಸಿದೆವು.

ಮೆಟ್ಟಿಲಿನ ಪ್ರಶ್ನೆ ಮಾತ್ರ ಕೊನೆಯವರೆಗೂ ಬಗೆಹರಿಯಲಿಲ್ಲ. ಮುಂದೆ ಮೇಲ್ಮಹಡಿಯನ್ನು ಬಾಡಿಗೆಗೆ ಕೊಡಬಹುದೆಂದು ತಂದೆಗೆ ಅದು ಹೊರಗಿರಬೇಕಿತ್ತು. ರಾತ್ರಿ ಓದಿ ಮಲಗಲು ಹೋಗುವಾಗ ಹೊರಗೆ ಬರಬೇಕಾಗುತ್ತದೆಂದು ಮಗಳಿಗೆ ಒಳಗೇ ಬೇಕಿತ್ತು. "ಆಯ್ತು, ನೋಡೋಣ" ಎಂದು ತಂದೆ ಮಾತು ಮುಗಿಸಿದ್ದನ್ನು ನಮ್ಮ ಸಹೋದ್ಯೋಗಿ "ಮೆಟ್ಟಿಲು ಒಳಗೆ" ಎಂದು ಬರೆದಿದ್ದರು. ಒಳಮೆಟ್ಟಿಲು ಪ್ರತಿ ಮಹಡಿಯಲ್ಲೂ ಸುಮಾರು 90ರಿಂದ 100 ಚದರಡಿ ಹಿಡಿಯುತ್ತದೆ. ಸುತ್ತ ಬಿಡಬೇಕಾದ ಜಾಗ ಕಳೆದ ಮೇಲೆ ಈ ಅಳತೆಯ ನಿವೇಶನದಲ್ಲಿ ಅದು ಒಂದು ಸಣ್ಣ ಕೋಣೆಗೆ ಸಮ. ಹೊರಮೆಟ್ಟಿಲಾದರೆ ಪಕ್ಕದಲ್ಲಿ ಬಿಡುವ ಜಾಗದ ನಿಯಮಕ್ಕೆ ಅದು ಹೊಂದುತ್ತದೆಯೇ ಎಂದು ಸ್ಥಳೀಯ ಪ್ರಾಧಿಕಾರದಲ್ಲಿ ವಿಚಾರಿಸಬೇಕು.

ಹಾಗಾಗಿ ತೀರ್ಮಾನವಾಗದ ವಿಷಯವನ್ನು ಪ್ರತ್ಯೇಕವಾಗಿ ಬರೆದು, ಯಾರ ಅಭಿಪ್ರಾಯ ಏನು, ಧ್ವನಿಮುದ್ರಣದ ಎಷ್ಟನೇ ನಿಮಿಷದಲ್ಲಿದೆ, ಯಾವ ಹಂತದೊಳಗೆ ನಿರ್ಧರಿಸಬೇಕು ಎಂಬುದನ್ನು ಜೊತೆಗೆ ಕೊಡುತ್ತೇವೆ. ಮೆಟ್ಟಿಲಿಗೆ ಆ ಗಡುವು ಕಂಬಗಳ ನಕ್ಷೆ. ಪಾಯ ತೆಗೆದ ಮೇಲೆ ಬದಲಿಸಿದರೆ ಖರ್ಚು ಬಹುತೇಕ ಮನೆಯವರ ಮೇಲೆಯೇ ಬೀಳುತ್ತದೆ. ಟಿಪ್ಪಣಿಯನ್ನು ಕನ್ನಡದಲ್ಲೇ ಕಳುಹಿಸಿ, ಅಜ್ಜಿಗೂ ಓದಿ ಹೇಳಿ ಎಂದು ಕೇಳಿಕೊಂಡೆವು. ಎರಡೂ ಬಗೆಯ ಮೆಟ್ಟಿಲಿನ ಒರಟು ನಕ್ಷೆಗಳನ್ನು ಅದರೊಂದಿಗೇ ಲಗತ್ತಿಸಿದ್ದೆವು.