ನೈಟ್ ಮೋಡ್: ಗೋಡೆ ಸ್ಪಷ್ಟ, ಕೈ ಮಾತ್ರ ಮಸುಕು

ಕಾರ್ತಿಕ ದೀಪೋತ್ಸವದ ಫೋಟೊ ತೋರಿಸಿ ಜನ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ದೇವಸ್ಥಾನದ ಕಲ್ಲುಗೋಡೆ ಅಷ್ಟು ಚೆನ್ನಾಗಿ ಬಂದಿದೆ, ದೀಪ ಹಚ್ಚುತ್ತಿರುವ ಹುಡುಗಿಯ ಕೈ ಮಾತ್ರ ಯಾಕೆ ಕಲಸಿಹೋಗಿದೆ? ನೈಟ್ ಮೋಡ್ ಹಾಕಿದ್ದೆನಲ್ಲ!

ನೈಟ್ ಮೋಡ್ ಹಾಕಿದ್ದಕ್ಕೇ ಹಾಗಾಗಿರುವುದು ಜಾಸ್ತಿ.

ಕತ್ತಲಲ್ಲಿ ಸೆನ್ಸರ್‌ಗೆ ಬೀಳುವ ಬೆಳಕು ಕಮ್ಮಿ. ಒಂದೇ ಫ್ರೇಮನ್ನು ಚಕ್ಕನೆ ತೆಗೆದರೆ ಅದರ ತುಂಬ ಕಾಳು ಕಾಳು, ಅಂದರೆ ನಾಯ್ಸ್. ಅದಕ್ಕೇ ಫೋನು ಒಂದರ ಹಿಂದೊಂದು ಹಲವು ಫ್ರೇಮ್ ತೆಗೆದು ಸೇರಿಸುತ್ತದೆ. ಗೂಗಲ್ 2018ರಲ್ಲಿ ನೈಟ್ ಸೈಟ್ ಎಂಬ ತನ್ನ ನೈಟ್ ಮೋಡ್ ತಂದಾಗ ಫೋನನ್ನು ಕೈಯಲ್ಲಿ ಹಿಡಿದರೆ 15 ಫ್ರೇಮ್‌ವರೆಗೆ ತೆಗೆಯುತ್ತಿತ್ತು. ನಾಯ್ಸ್ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಬೀಳುತ್ತದೆ, ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. 15 ಫ್ರೇಮುಗಳ ಸರಾಸರಿ ತೆಗೆದರೆ ನಾಯ್ಸ್ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಫೋನು ಹಿಡಿದ ಕೈ ಅಲುಗಿದರೆ ಫ್ರೇಮುಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ, ಅಲ್ವಾ? ಅದಕ್ಕೆ ಫೋನು ಇದ್ದುದರಲ್ಲಿ ಸ್ಪಷ್ಟವಾದ ಒಂದು ಫ್ರೇಮನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಮಾಡಿ, ಉಳಿದ ಫ್ರೇಮುಗಳ ಚೌಕಗಳನ್ನು ಆಧಾರ ಫ್ರೇಮಿಗೆ ಹೊಂದುವಂತೆ ಸರಿಸುತ್ತದೆ. ಒಂದು ಫ್ರೇಮಿಗೂ ಇನ್ನೊಂದಕ್ಕೂ ನಡುವೆ ಆದ ಅಲುಗಾಟ ಇದರಿಂದ ಸರಿಹೋಗುತ್ತದೆ. ಆದರೆ ಒಂದು ಫ್ರೇಮ್ ತೆರೆದಿರುವಾಗಲೇ, ಅಂದರೆ ಅದಕ್ಕೆ ಬೆಳಕು ಬೀಳುತ್ತಿರುವಾಗಲೇ ಆದ ಅಲುಗಾಟ ಆ ಫ್ರೇಮಿನೊಳಗೆ ಬಳಿದುಕೊಂಡು ಕೂತಿರುತ್ತದೆ. ಸರಿಸಿದರೂ ಅದು ಹೋಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಫೋನಿನ ಮುಖ್ಯ ಕ್ಯಾಮೆರಾದಲ್ಲಿ ಮೂರು ಮೀಟರ್ ದೂರದ ದೃಶ್ಯ ಸುಮಾರು ನಾಲ್ಕು ಮೀಟರ್ ಅಗಲ ಕಾಣುತ್ತದೆ. 12 ಮೆಗಾಪಿಕ್ಸೆಲ್ ಫೋಟೊದ ಅಗಲ ಸುಮಾರು 4000 ಪಿಕ್ಸೆಲ್. ಅಂದರೆ ಅಲ್ಲಿನ ಒಂದು ಮಿಲಿಮೀಟರ್ ಇಲ್ಲಿ ಒಂದು ಪಿಕ್ಸೆಲ್. ಹುಡುಗಿಯ ಕೈ ಸೆಕೆಂಡಿಗೆ ಅರ್ಧ ಮೀಟರ್ ಚಲಿಸುತ್ತಿದೆ ಅಂದುಕೊಳ್ಳಿ, ಅದೇನೂ ಅವಸರವಲ್ಲ. ಫ್ರೇಮ್ ಸೆಕೆಂಡಿನ ಹತ್ತನೇ ಒಂದು ಭಾಗ ತೆರೆದಿದ್ದರೆ ಕೈ 50 ಪಿಕ್ಸೆಲ್ ಉದ್ದಕ್ಕೆ ಬಳಿದುಹೋಗುತ್ತದೆ. ಬೆರಳುಗಳೇ ಗುರುತು ಸಿಗುವುದಿಲ್ಲ.

ಹಾಗಾದರೆ ಫ್ರೇಮುಗಳನ್ನು ಇನ್ನೂ ಚಿಕ್ಕದು ಮಾಡಿ ನೂರಾರು ತೆಗೆಯಬಹುದಲ್ಲ? ಅದಕ್ಕೂ ಮಿತಿ ಇದೆ. ಸೆನ್ಸರನ್ನು ಓದುವ ಪ್ರತಿ ಸಲವೂ ಓದುವಿಕೆಯದೇ ಒಂದಷ್ಟು ನಾಯ್ಸ್ ಸೇರಿಕೊಳ್ಳುತ್ತದೆ. ಬೆಳಕು ತೀರಾ ಕಮ್ಮಿಯಿದ್ದಾಗ ಚಿಕ್ಕ ಫ್ರೇಮಿನಲ್ಲಿ ಬಂದ ಚೂರುಪಾರು ಬೆಳಕು ಅದರಲ್ಲೇ ಮುಚ್ಚಿಹೋಗುತ್ತದೆ.

ಒಐಎಸ್ ಇದ್ದರೆ ಸಾಕು ಎಂದು ಅಂಗಡಿಯವರು ಹೇಳುತ್ತಾರೆ. ಅದು ನಿಮ್ಮ ಕೈ ಅಲುಗಿದ್ದಕ್ಕೆ ಎದುರಾಗಿ ಲೆನ್ಸನ್ನೋ ಸೆನ್ಸರನ್ನೋ ಸರಿಸುತ್ತದೆ. ಹುಡುಗಿಯ ಕೈ ಅಲುಗಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಫೋನನ್ನು ಸ್ಟ್ಯಾಂಡಿಗೆ ಹಾಕಿದರೆ ಕಥೆ ಇನ್ನೂ ಕೆಡಬಹುದು. ತಾನು ಅಲುಗುತ್ತಿಲ್ಲ ಎಂದು ಗೈರೋಸ್ಕೋಪಿನಿಂದ ಗೊತ್ತಾದ ಕೂಡಲೇ ಫೋನು ಪ್ರತಿ ಫ್ರೇಮನ್ನೂ ಉದ್ದ ಮಾಡುತ್ತದೆ. ಅದೇ ನೈಟ್ ಸೈಟ್ ಸ್ಟ್ಯಾಂಡ್ ಮೇಲೆ ತಲಾ ಒಂದು ಸೆಕೆಂಡಿನ ಆರು ಫ್ರೇಮ್‌ವರೆಗೆ ಹೋಗುತ್ತಿತ್ತು. ಖಾಲಿ ಗೋಪುರಕ್ಕೆ ಇದು ಸೊಗಸು. ಮನುಷ್ಯರಿದ್ದರೆ ಮೇಲಿನ ಲೆಕ್ಕದ 50 ಪಿಕ್ಸೆಲ್ ಈಗ 500. ಒತ್ತುವ ಮೊದಲೇ ಎದುರಿನ ಚಲನೆ ಅಳೆದು ಫ್ರೇಮನ್ನು ಚಿಕ್ಕದು ಮಾಡುವ ಫೋನುಗಳಿವೆ. ಆದರೆ ಅಳೆಯುವಾಗ ಸುಮ್ಮನಿದ್ದವರು ಆಮೇಲೆ ಕೈ ಎತ್ತಿದರೆ ಅದೇನು ಮಾಡೀತು?

ನಿಮ್ಮ ಫೋಟೊದಲ್ಲಿ ತಪ್ಪಿದ್ದೆಲ್ಲಿ ಎಂದು ತಿಳಿಯಲು ಜೂಮ್ ಮಾಡಿ ದೀಪದ ಚುಕ್ಕಿಗಳನ್ನು ನೋಡಿ. ಎಲ್ಲ ಚುಕ್ಕಿಗಳಿಗೂ ಒಂದೇ ದಿಕ್ಕಿಗೆ ಬಾಲ ಬಂದಿದ್ದರೆ ಅಲುಗಿದ್ದು ನಿಮ್ಮ ಕೈ. ಚುಕ್ಕಿಗಳು ಸರಿಯಿದ್ದು ಆಕೆಯ ಕೈ ಮಾತ್ರ ಮಸುಕಾಗಿದ್ದರೆ ಅಲುಗಿದ್ದು ಆಕೆ. ಕೈ ಸ್ಪಷ್ಟವಾಗಿದೆ, ಆದರೆ ಅದರ ಸುತ್ತ ಮಾತ್ರ ಕಾಳು ಕಾಳಾಗಿದೆ ಅಂದರೆ ಅಲ್ಲಿ ಹೊಂದದ ಚೌಕಗಳನ್ನು ಫೋನು ಕೈಬಿಟ್ಟು ಆಧಾರ ಫ್ರೇಮನ್ನೇ ಉಳಿಸಿದೆ. ನನಗೇನೋ ಈ ಮೂರನೆಯದು ಇಷ್ಟ. ಕಾಳು ಬಂದರೂ ಬೆರಳು ಕಾಣುತ್ತದೆ.

ಕೈ ಅಲುಗಿದ್ದಾದರೆ ಮೊಣಕೈಗಳನ್ನು ಮೈಗೆ ಒತ್ತಿ ಹಿಡಿಯಿರಿ, ಇಲ್ಲವೇ ಕಂಬಕ್ಕೆ ಒರಗಿ. ಬಟನ್ ಒತ್ತಿದ ಮೇಲೂ ಹಾಗೇ ಇರಿ. ನೈಟ್ ಮೋಡ್ ಫ್ರೇಮುಗಳನ್ನು ತೆಗೆಯುವುದು ಒತ್ತಿದ ನಂತರವೇ, ತುಂಬ ಜನ ಅಷ್ಟರಲ್ಲಿ ಫೋನು ಇಳಿಸಿಬಿಡುತ್ತಾರೆ. ಎದುರಿನವರು ಅಲುಗಿದ್ದಾದರೆ ಬತ್ತಿಗೆ ಕಡ್ಡಿ ತಾಗಿಸಿದಾಗ ಒಂದೆರಡು ಸೆಕೆಂಡ್ ಹಾಗೇ ನಿಲ್ಲಲು ಹೇಳಿ. ಅದಾಗದಿದ್ದರೆ ನೈಟ್ ಮೋಡ್ ಆಫ್ ಮಾಡಿ, ದೀಪದ ಬೆಳಕು ಮುಖಕ್ಕೂ ಕೈಗೂ ಬೀಳುವ ಕಡೆಯಿಂದ ತೆಗೆಯಿರಿ.