ಮೂರು ಸಲ ಕೊಂಡ ಷೇರಿನ ಸರಾಸರಿ ಬೆಲೆ ಎಷ್ಟು?

ದಾವಣಗೆರೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ನಮ್ಮ ಚಿಕ್ಕಪ್ಪ ಒಂದು ರಾತ್ರಿ ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸಿದರು. ಒಂದೇ ಕಂಪನಿಯ ಷೇರು, ಮೂರು ಸಲ ಕೊಂಡಿದ್ದು. ಕೆಳಗೆ ಬರೆದಿದ್ದರು: "ನೋಡಪ್ಪ, ನಾನು ಲೆಕ್ಕ ಹಾಕಿದ್ರೆ ಸರಾಸರಿ 253 ಬರುತ್ತೆ. ಇದರಲ್ಲಿ 228 ಅಂತ ಇದೆ. ನಾನು ಲಾಸ್‌ನಲ್ಲಿದೀನಿ, ಇದು ಲಾಭ ಅಂತಿದೆ. ಯಾವುದು ನಿಜ?"

ಆ ಚಿತ್ರದಲ್ಲಿದ್ದ ಮೂರು ಸಾಲು ಇವು. 40 ಷೇರು, ತಲಾ 250 ರೂಪಾಯಿಗೆ. ಆಮೇಲೆ 20 ಷೇರು, 310ಕ್ಕೆ. ಬೆಲೆ ಬಿದ್ದಾಗ ಧೈರ್ಯ ಮಾಡಿ 90 ಷೇರು, 200ಕ್ಕೆ. ಮೇಲೆ ಒಟ್ಟು Qty 150, ಮತ್ತು LTP 240. LTP ಅಂದರೆ ಮಾರುಕಟ್ಟೆಯಲ್ಲಿ ಕೊನೆಯದಾಗಿ ವ್ಯಾಪಾರ ಆದ ಬೆಲೆ.

ಚಿಕ್ಕಪ್ಪ ಮಾಡಿದ್ದು ಬಹಳ ಜನ ಮಾಡುವ ಲೆಕ್ಕ. 250, 310, 200 ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದ್ದಾರೆ, 253.33 ಬಂದಿದೆ. ಈ ಲೆಕ್ಕದಲ್ಲಿ 20 ಷೇರಿನ ಖರೀದಿಗೂ 90 ಷೇರಿನ ಖರೀದಿಗೂ ಒಂದೇ ತೂಕ ಸಿಕ್ಕಿಬಿಟ್ಟಿದೆ. ನಾನು ಫೋನ್ ಮಾಡಿ ಕೇಳಿದೆ: "ಚಿಕ್ಕಪ್ಪ, ತೊಗರಿಬೇಳೆ ಎರಡು ಚೀಲ ಒಂದು ರೇಟಿಗೆ ತಂದು, ಆಮೇಲೆ ಒಂಬತ್ತು ಚೀಲ ಕಡಿಮೆ ರೇಟಿಗೆ ತಂದ್ರೆ, ಅಸಲು ಹೇಗೆ ಹಾಕ್ತೀರಿ?" ಅವರು ಒಂದು ಕ್ಷಣ ಸುಮ್ಮನಾದರು. "ಕೊಟ್ಟ ದುಡ್ಡೆಲ್ಲ ಕೂಡಿಸಿ ಚೀಲದ ಲೆಕ್ಕದಲ್ಲಿ ಭಾಗಿಸ್ತೀನಿ" ಅಂದರು. ಷೇರಿಗೂ ಅಷ್ಟೇ.

ಹಾಗಾಗಿ ಮೊದಲು ಪ್ರತಿ ಸಾಲಿನಲ್ಲಿ ಎಷ್ಟು ದುಡ್ಡು ಹೋಗಿದೆ ನೋಡಬೇಕು. 40 ಷೇರಿಗೆ 10,000. ಇಪ್ಪತ್ತಕ್ಕೆ 6,200. ತೊಂಬತ್ತಕ್ಕೆ 18,000. ಒಟ್ಟು ಹಾಕಿದ್ದು 34,200 ರೂಪಾಯಿ, ಇದನ್ನು 150ರಿಂದ ಭಾಗಿಸಿದರೆ 228. ಈಗಿನ ಬೆಲೆ 150 ಸಲ 240, ಅಂದರೆ 36,000. ಲಾಭ 1,800, ಹಾಕಿದ ದುಡ್ಡಿನ ಮೇಲೆ ಶೇ. 5.26. ಚಿಕ್ಕಪ್ಪನ 253.33 ಹಿಡಿದರೆ ಇದೇ ಷೇರುಗಳಲ್ಲಿ 2,000 ರೂಪಾಯಿ ನಷ್ಟ ಕಾಣುತ್ತೆ. ತಪ್ಪು ಸರಾಸರಿ ಸಂಖ್ಯೆಯನ್ನು ಸ್ವಲ್ಪ ಆಚೀಚೆ ಮಾಡಿ ಬಿಡುವುದಿಲ್ಲ, ಲಾಭವನ್ನೇ ನಷ್ಟ ಮಾಡಿ ತೋರಿಸಬಹುದು.

ಶೇಕಡಾವಾರಿನಲ್ಲೂ ಇದೇ ಗುಂಡಿ ಇದೆ. ಮೂರು ಸಾಲಿನ ಪಕ್ಕದಲ್ಲಿ ಮೈನಸ್ 4, ಮೈನಸ್ 22.58, ಪ್ಲಸ್ 20 ಅಂತ ಇತ್ತು. ಅವುಗಳ ಸರಾಸರಿ ತೆಗೆದರೂ ನಷ್ಟವೇ ಬರುತ್ತೆ. ಶೇಕಡಾವನ್ನು ಕೂಡಿಸಲೇಬೇಡಿ, ರೂಪಾಯಿ ಕೂಡಿಸಿ: ಮೈನಸ್ 400, ಮೈನಸ್ 1,400, ಪ್ಲಸ್ 3,600. ಮತ್ತೆ 1,800ಕ್ಕೇ ಬಂತು.

ಕೆಲವು ಸಲ ಸ್ಕ್ರೀನ್‌ಶಾಟ್‌ನಲ್ಲಿ ಕೊಂಡ ಬೆಲೆಯೇ ಇರೋದಿಲ್ಲ, ಚಿತ್ರ ಕತ್ತರಿಸುವಾಗ ಹೋಗಿರುತ್ತೆ. Qty, LTP, P&L ಅಂದರೆ ಲಾಭ ನಷ್ಟ, ಇಷ್ಟು ಇದ್ದರೆ ಸಾಕು, ಹಿಂದಕ್ಕೆ ಲೆಕ್ಕ ಹಾಕಿ ಕೊಂಡ ಬೆಲೆ ತಿಳಿಯಬಹುದು.

```
Avg = LTP − (P&L ÷ Qty)
240 − (1800 ÷ 150) = 228
```

P&L ಮೈನಸ್ ಇದ್ದರೆ ಕಳೆಯುವ ಬದಲು ಕೂಡಿಸಬೇಕು ಅನ್ನೋದು ನೆನಪಿರಲಿ. ಬರೀ ಶೇಕಡಾ ಇದ್ದರೆ, ಈಗಿನ 36,000ರಲ್ಲಿ ಶೇ. 5.26 ಕಳೆದು ಅಸಲು ಹುಡುಕೋಕೆ ಹೋಗಬೇಡಿ. ಆ 5.26 ಅನ್ನೋದು ಹಾಕಿದ ದುಡ್ಡಿನ ಮೇಲಿನದು, ಈಗಿನ ಬೆಲೆಯ ಮೇಲಿನದಲ್ಲ. 36,000ವನ್ನು 1.0526ರಿಂದ ಭಾಗಿಸಬೇಕು. 34,201 ಬರುತ್ತೆ, ಆ ಒಂದು ರೂಪಾಯಿ ಹೆಚ್ಚಾಗಿದ್ದು ಎರಡು ದಶಾಂಶಕ್ಕೆ ಮೊಟಕು ಮಾಡಿದ್ದರಿಂದ. ಇನ್ನೊಂದು ಮಾತು, ಪಕ್ಕದಲ್ಲಿ ಆ ದಿನದ ಏರಿಳಿತದ ಶೇಕಡಾ ಕೂಡ ಇರುತ್ತೆ. ಅದು ನಿನ್ನೆಯ ಬೆಲೆಗೆ ಹೋಲಿಸಿದ್ದು. ನೀವು ಕೊಂಡ ಬೆಲೆಗೂ ಅದಕ್ಕೂ ಸಂಬಂಧ ಇಲ್ಲ.

ಕೊಂಡ ಸಾಲುಗಳಲ್ಲಿ ಒಂದರ ಬೆಲೆ 0 ಅಂತ ಇದ್ದರೆ ಅಲ್ಲಿ ಸ್ವಲ್ಪ ನಿಲ್ಲಿ. ಬೋನಸ್ ಷೇರಾಗಿದ್ದರೆ ಆ ಸೊನ್ನೆ ಸರಿಯೇ, ಅದಕ್ಕೆ ದುಡ್ಡು ಕೊಟ್ಟಿಲ್ಲವಲ್ಲ. ಅದರ ಸಂಖ್ಯೆಯನ್ನು ಸೇರಿಸಿಯೇ ಭಾಗಿಸಬೇಕು. ಆದರೆ ಬೇರೆ ಡಿಮ್ಯಾಟ್ ಖಾತೆಯಿಂದ ವರ್ಗ ಮಾಡಿಕೊಂಡ ಷೇರಾಗಿದ್ದರೆ ಕೊಂಡ ಬೆಲೆ ಜೊತೆಯಲ್ಲಿ ಬಂದಿಲ್ಲ ಅಂತಷ್ಟೇ ಅರ್ಥ. ಆಗ ಪರದೆಯ ಮೇಲಿನ ಲಾಭ ಸುಳ್ಳು ಲಾಭ. ಗುರುತು ಹಿಡಿಯೋದು ಕಷ್ಟವಲ್ಲ: ಬೋನಸ್‌ನ ಸಂಖ್ಯೆ ಮೊದಲಿದ್ದ ಷೇರುಗಳಿಗೆ ಸರಿಯಾದ ಅನುಪಾತದಲ್ಲಿರುತ್ತೆ, ಒಂದಕ್ಕೊಂದು ಬೋನಸ್ ಆದರೆ 150ಕ್ಕೆ 150.

ಇಷ್ಟೆಲ್ಲ ಆದ ಮೇಲೆ, ಮುಂದಿನ ವಾರ ಚಿಕ್ಕಪ್ಪನಿಂದ ಮತ್ತೊಂದು ಚಿತ್ರ ಬಂತು. ಅದೇ 240ಕ್ಕೆ 50 ಷೇರು ಮಾರಿದ್ದರು. ಏನೂ ಹೊಸದಾಗಿ ಕೊಂಡಿಲ್ಲ, ಆದರೂ ಸರಾಸರಿ 228ರಿಂದ 211ಕ್ಕೆ ಇಳಿದಿತ್ತು, ಲಾಭ 1,800ರಿಂದ 2,900ಕ್ಕೆ ಹಾರಿತ್ತು. "ಷೇರು ಕಡಿಮೆ ಆಗಿ ಲಾಭ ಜಾಸ್ತಿ ಆಗೋದು ಹೆಂಗೆ?" ಅಂತ ಕೇಳಿದರು. ತುಂಬಾ ಒಳ್ಳೆಯ ಪ್ರಶ್ನೆ.

ಡಿಮ್ಯಾಟ್ ಷೇರಿಗೆ ನಮ್ಮ ಆದಾಯ ತೆರಿಗೆ ಕಾನೂನಿನ ನಿಯಮ, ಮೊದಲು ಬಂದದ್ದು ಮೊದಲು ಹೋಗುತ್ತೆ ಅನ್ನೋದು. ಪ್ರತಿ ಡಿಮ್ಯಾಟ್ ಖಾತೆಗೂ ಈ ಲೆಕ್ಕ ಬೇರೆ ಬೇರೆ. ಚಿಕ್ಕಪ್ಪನ ಆ್ಯಪ್ ಕೂಡ ಇದನ್ನೇ ಹಿಡಿದಿತ್ತು. ಹಾಗಾಗಿ ಮಾರಿದ 50ರಲ್ಲಿ, ಹಳೆಯ 40 ಷೇರು ಪೂರ್ತಿ ಹೋಯಿತು, ಅದರ ಬೆಲೆ 250. ಉಳಿದ 10 ಷೇರು 310ರ ಸಾಲಿನಿಂದ ಹೋಯಿತು. ಇವುಗಳ ಅಸಲು 13,100, ಬಂದದ್ದು 12,000. ಅಂದರೆ 1,100 ರೂಪಾಯಿ ನಷ್ಟ ಆಗಿಹೋಯಿತು, ಆದರೆ ಅದು ಕೈಯಲ್ಲಿರುವ ಷೇರು ತೋರಿಸುವ ಹೋಲ್ಡಿಂಗ್ಸ್ ಪರದೆಯಲ್ಲಿ ಕಾಣೋದಿಲ್ಲ, ಯಾಕಂದರೆ ಆ ಷೇರುಗಳೇ ಈಗ ಅಲ್ಲಿಲ್ಲ. ಉಳಿದದ್ದು 310ರ 10 ಮತ್ತು 200ರ 90. ಅಸಲು 21,100, ನೂರರಿಂದ ಭಾಗಿಸಿದರೆ 211. ದುಬಾರಿ ಷೇರು ಹೊರಗೆ ಹೋಯಿತು, ಅಗ್ಗದ್ದು ಒಳಗೆ ಉಳಿಯಿತು, ಸರಾಸರಿ ಇಳಿಯಿತು. ಪರದೆಯ 2,900ರಲ್ಲಿ ಮಾರಾಟದ 1,100 ಕಳೆದರೆ ಅದೇ ಹಳೆಯ 1,800.

ಅಂದರೆ ಒಮ್ಮೆ ಮಾರಿದ ಮೇಲೆ, ಒಂದು ಹೋಲ್ಡಿಂಗ್ಸ್ ಸ್ಕ್ರೀನ್‌ಶಾಟ್ ನೋಡಿ ಆ ಕಂಪನಿಯಲ್ಲಿ ಒಟ್ಟು ಎಷ್ಟು ಗಳಿಸಿದಿರಿ ಅಂತ ಹೇಳೋಕೆ ಆಗೋದಿಲ್ಲ. ಮಾರಾಟದ ಲಾಭ ನಷ್ಟದ ವರದಿ ಬೇರೆ ಪುಟದಲ್ಲಿರುತ್ತೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಈ 1,800ರಲ್ಲೂ ಖರ್ಚು ಸೇರಿಲ್ಲ. ಡೆಲಿವರಿಗೆ, ಅಂದರೆ ಖಾತೆಯಲ್ಲಿ ಇಟ್ಟುಕೊಳ್ಳೋಕೆ ಕೊಳ್ಳುವಾಗ ಶೇ. 0.1 ವಹಿವಾಟು ತೆರಿಗೆ, ಶೇ. 0.015 ಸ್ಟಾಂಪ್ ಶುಲ್ಕ ಹೋಗುತ್ತೆ. 34,200ಕ್ಕೆ ಇವೆರಡೇ ಸುಮಾರು 39 ರೂಪಾಯಿ. ಮಾರುವಾಗ ಮತ್ತೆ ಶೇ. 0.1, ಜೊತೆಗೆ ಡಿಮ್ಯಾಟ್ ಶುಲ್ಕ, ದಲ್ಲಾಳಿ ಶುಲ್ಕ. ಇವೆಲ್ಲ ವಹಿವಾಟಿನ ನಂತರ ದಲ್ಲಾಳಿ ಕಳಿಸುವ ಕಾಂಟ್ರಾಕ್ಟ್ ನೋಟ್ ಮತ್ತು ಖಾತೆಯ ಲೆಡ್ಜರ್‌ನಲ್ಲಿ ಸಿಗುತ್ತವೆ. ಚಿಕ್ಕಪ್ಪ ಈಗ ಅಂಗಡಿಯ ಲೆಕ್ಕದ ಪುಸ್ತಕದಲ್ಲೇ ಹಿಂದಿನ ಪುಟ ತಿರುವಿ ನಾಲ್ಕು ಕಾಲಂ ಹಾಕಿಕೊಂಡಿದ್ದಾರೆ: ತಾರೀಕು, ಎಷ್ಟು, ಯಾವ ಬೆಲೆ, ಖರ್ಚು. ಮಾರಿದ ಸಾಲಿನ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೀತಾರೆ. 310ರ ಸಾಲಿನಲ್ಲಿ 20 ಹೊಡೆದು ಪಕ್ಕಕ್ಕೆ 10 ಬರೆದಿದ್ದಾರೆ.